ಗೆರೆ ಯಾವ ಪದರದಲ್ಲಿದೆ?

ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಮಿನುಗುವ ಕೆಂಪು ಎಲ್‌ಇಡಿ, ಅದನ್ನು ಮಿನುಗಿಸುವ ಎಂಟು ಕಾಲಿನ 555 ಟೈಮರ್ ಐಸಿ, ಮೂರು ರೆಸಿಸ್ಟರ್, ಮೂರು ಕೆಪಾಸಿಟರ್, 9 ವೋಲ್ಟ್ ಬ್ಯಾಟರಿಯ ತಂತಿ ಬಿಗಿಯಲು ಎರಡು ಸ್ಕ್ರೂಗಳ ಒಂದು ಕನೆಕ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಅಂಗಡಿಗೆ ಹೋದರೆ ಇಷ್ಟೂ ಒಂದೇ ಕಡೆ ಸಿಗುತ್ತವೆ. 555 ಐಸಿಯನ್ನು ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಎಂಜಿನಿಯರ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದರು. ಅರ್ಧ ಶತಮಾನ ದಾಟಿದರೂ ಅದು ಮಾರುಕಟ್ಟೆಯಿಂದ ಹೋಗಿಲ್ಲ. ಈ ಹತ್ತಾರು ಚೂರುಗಳನ್ನು ತಂತಿಯ ಗೋಜಲಿಲ್ಲದೆ ಒಂದು ಹಸಿರು ಬೋರ್ಡಿನ ಮೇಲೆ ಕೂರಿಸಬೇಕೆಂದರೆ ಮೊದಲು ಆ ಬೋರ್ಡಿನ ನಕ್ಷೆ ಬೇಕು. ಅದನ್ನು ಬರೆಯಲು ಉಚಿತವಾಗಿ ಸಿಗುವ ತಂತ್ರಾಂಶ ಕೀಕ್ಯಾಡ್.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಾಠ ಹೇಳುತ್ತಿದ್ದ ಜಾನ್-ಪಿಯರ್ ಶರಾಸ್ 1992ರಲ್ಲಿ ಇದನ್ನು ಆರಂಭಿಸಿದರು. 2013ರಿಂದ ಜಿನೀವಾದ ಸರ್ನ್ ಪ್ರಯೋಗಾಲಯವೂ ಇದರ ಬೆಳವಣಿಗೆಗೆ ಕೈಜೋಡಿಸಿತು. ಇದು ಮುಕ್ತ ತಂತ್ರಾಂಶವಾದ್ದರಿಂದ ವಿದ್ಯಾರ್ಥಿಗೊಂದು ಬೆಲೆ, ಕಂಪನಿಗೊಂದು ಬೆಲೆ ಎಂಬುದಿಲ್ಲ. ಇಂತಿಷ್ಟೇ ದೊಡ್ಡ ಬೋರ್ಡ್ ಬರೆಯಬಹುದು ಎಂಬ ಮಿತಿಯನ್ನೂ ಯಾರೂ ಹೇರಿಲ್ಲ.

ಕೀಕ್ಯಾಡ್ ಕಲಿಯುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಇಲ್ಲಿ ನೀವು ಎಳೆಯುವ ಪ್ರತಿ ಗೆರೆಯೂ ಯಾರಿಗೋ ಕೊಡುವ ಆಜ್ಞೆ. ಯಾರಿಗೆ ಎಂಬುದನ್ನು ಆ ಗೆರೆ ಕೂತಿರುವ ಪದರ ಹೇಳುತ್ತದೆ. ಒಂದು ಗೆರೆ ತಾಮ್ರವಾಗುತ್ತದೆ, ಒಂದು ಬಿಳಿ ಶಾಯಿಯಾಗುತ್ತದೆ, ಇನ್ನೊಂದು ಬೋರ್ಡನ್ನೇ ಕತ್ತರಿಸುತ್ತದೆ. ಪರದೆಯ ಮೇಲೆ ನೋಡಿದರೆ ಇವುಗಳಿಗೆ ಬಣ್ಣದ ಹೊರತು ಬೇರೆ ವ್ಯತ್ಯಾಸ ಕಾಣದು. ಹೊಸಬರ ತೊಂದರೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಹೊಸ ಪ್ರಾಜೆಕ್ಟ್ ತೆರೆದು blink ಎಂದು ಹೆಸರಿಟ್ಟರೆ ಮುಖ್ಯವಾಗಿ ಮೂರು ಕಡತಗಳು ಹುಟ್ಟುತ್ತವೆ. blink.kicad_pro ಇಡೀ ಪ್ರಾಜೆಕ್ಟಿನ ಹೊಂದಾಣಿಕೆಗಳಿಗೆ, blink.kicad_sch ಸ್ಕೀಮ್ಯಾಟಿಕ್‌ಗೆ, blink.kicad_pcb ಬೋರ್ಡಿಗೆ. ಸ್ಕೀಮ್ಯಾಟಿಕ್ ಎಂದರೆ ಯಾವ ಕಾಲು ಯಾವ ಕಾಲಿಗೆ ಸೇರಬೇಕು ಎಂಬುದರ ಚಿತ್ರ. ಯಾವ ಭಾಗ ಎಲ್ಲಿ ಕೂರುತ್ತದೆ ಎಂಬ ಗೊಡವೆ ಅದಕ್ಕಿಲ್ಲ. ಹೀಗಾಗಿಯೇ ಸ್ಕೀಮ್ಯಾಟಿಕ್‌ನಲ್ಲಿ 555ರ ಕಾಲುಗಳು ಒಂದರಿಂದ ಎಂಟರವರೆಗೆ ಸಾಲಾಗಿ ನಿಂತಿರುವುದಿಲ್ಲ. ಓದಲು ಅನುಕೂಲವಾಗುವಂತೆ ವಿದ್ಯುತ್ತಿನ ಕಾಲು ಮೇಲೆ, ಗ್ರೌಂಡ್ ಕೆಳಗೆ ಎಂದು ಹಂಚಿಹೋಗಿರುತ್ತವೆ.

A ಕೀಲಿ ಒತ್ತಿ NE555P ಎಂದು ಹುಡುಕಿದರೆ ಐಸಿಯ ಚಿಹ್ನೆ ಸಿಗುತ್ತದೆ. R, C, C_Polarized, LED ಎಂಬ ಹೆಸರುಗಳಲ್ಲಿ ಉಳಿದವು ಬರುತ್ತವೆ. ಕನೆಕ್ಟರಿಗೆ Screw_Terminal_01x02. W ಒತ್ತಿದರೆ ತಂತಿ. ಎಂಟನೇ ಮತ್ತು ನಾಲ್ಕನೇ ಕಾಲು 9 ವೋಲ್ಟಿಗೆ ಹೋಗುತ್ತವೆ, ಒಂದನೇ ಕಾಲು ಗ್ರೌಂಡಿಗೆ. R1 ಅನ್ನು 9 ವೋಲ್ಟಿಗೂ ಏಳನೇ ಕಾಲಿಗೂ ನಡುವೆ ಹಾಕಬೇಕು, R2 ಅನ್ನು ಏಳಕ್ಕೂ ಆರಕ್ಕೂ ನಡುವೆ. ಆರು ಮತ್ತು ಎರಡನೇ ಕಾಲುಗಳನ್ನು ಒಂದಕ್ಕೊಂದು ಸೇರಿಸಿ, ಅಲ್ಲಿಂದ C1 ಕೆಪಾಸಿಟರ್ ಮೂಲಕ ಗ್ರೌಂಡಿಗೆ ಇಳಿಸಬೇಕು. ಐದನೇ ಕಾಲಿನಿಂದ ಗ್ರೌಂಡಿಗೆ 10 ನ್ಯಾನೋಫ್ಯಾರಡ್‌ನ ಪುಟ್ಟ C2. ಮೂರನೇ ಕಾಲಿನಿಂದ R3 ದಾಟಿ ಎಲ್‌ಇಡಿ, ಅಲ್ಲಿಂದ ಗ್ರೌಂಡ್. ಕೊನೆಗೆ 9 ವೋಲ್ಟ್ ಮತ್ತು ಗ್ರೌಂಡ್ ನಡುವೆ 100 ನ್ಯಾನೋಫ್ಯಾರಡ್‌ನ C3.

ಮಿನುಗುವ ವೇಗವನ್ನು R1, R2, C1 ಮೂರೂ ಸೇರಿ ನಿರ್ಧರಿಸುತ್ತವೆ. R1 ಒಂದು ಕಿಲೋಓಮ್, R2 68 ಕಿಲೋಓಮ್, C1 10 ಮೈಕ್ರೋಫ್ಯಾರಡ್ ಎಂದುಕೊಳ್ಳಿ. C1 ತುಂಬುವಾಗ ವಿದ್ಯುತ್ತು ಎರಡೂ ರೆಸಿಸ್ಟರ್ ದಾಟಿ ಬರುತ್ತದೆ. 69,000 ಓಮ್ ಅನ್ನು 10 ಮೈಕ್ರೋಫ್ಯಾರಡ್‌ನಿಂದ ಗುಣಿಸಿ, ಮತ್ತೆ 0.693ರಿಂದ ಗುಣಿಸಿದರೆ ಸುಮಾರು 0.48 ಸೆಕೆಂಡ್. ಅಷ್ಟು ಹೊತ್ತು ದೀಪ ಉರಿಯುತ್ತದೆ. ಖಾಲಿಯಾಗುವಾಗ R2 ಒಂದೇ ದಾರಿ, ಆಗ ಸುಮಾರು 0.47 ಸೆಕೆಂಡ್. ಎರಡೂ ಸೇರಿ ಒಂದು ಸೆಕೆಂಡಿಗಿಂತ ತುಸು ಕಡಿಮೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಬೆಲೆಯೇ ಶೇ. 20ರಷ್ಟು ಆಚೀಚೆ ಇರುವುದು ಮಾಮೂಲಿ. ಆದ್ದರಿಂದ ಇದಕ್ಕಿಂತ ಸೂಕ್ಷ್ಮವಾಗಿ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ.

ತಂತಿ ಎಳೆಯುವಾಗ ಗಮನಿಸಬೇಕಾದದ್ದು ಗ್ರಿಡ್. ಸ್ಕೀಮ್ಯಾಟಿಕ್ ಹಾಳೆಯ ಚುಕ್ಕಿಗಳ ನಡುವಿನ ಅಂತರ ಮೊದಲಿನಿಂದಲೇ 1.27 ಮಿಲಿಮೀಟರ್ ಎಂದಿರುತ್ತದೆ. ಚಿಹ್ನೆಗಳ ಕಾಲುತುದಿಗಳೆಲ್ಲ ಇದೇ ಅಳತೆಗೆ ಹೊಂದುವಂತೆ ಮಾಡಿದವು. ಇದನ್ನು ಬದಲಿಸಿ ಇನ್ನೂ ಸಣ್ಣ ಗ್ರಿಡ್‌ನಲ್ಲಿ ಒಂದು ಭಾಗ ಇಟ್ಟರೆ, ಆಮೇಲೆ ಎಳೆದ ತಂತಿ ಅದರ ಕಾಲನ್ನು ಮುಟ್ಟಿದಂತೆ ಕಾಣುತ್ತದೆ, ಆದರೆ ಮುಟ್ಟಿರುವುದಿಲ್ಲ. ಹೀಗೆ ಬಿಟ್ಟುಹೋದ ಕಾಲಿನ ತುದಿಯಲ್ಲಿ ಒಂದು ಪುಟ್ಟ ಸೊನ್ನೆ ಉಳಿದಿರುತ್ತದೆ. ಸೇರಿಕೊಂಡರೆ ಅದು ಮಾಯವಾಗುತ್ತದೆ. ಗುರುತು ಹಿಡಿಯಲು ಇಷ್ಟು ಸಾಕು. ಹಾಗೆಯೇ ಎರಡು ತಂತಿಗಳು ಒಂದನ್ನೊಂದು ದಾಟಿದ ಮಾತ್ರಕ್ಕೆ ಸೇರುವುದಿಲ್ಲ, ಸೇರಿದ್ದರೆ ಅಲ್ಲೊಂದು ದಪ್ಪ ಚುಕ್ಕೆ ಇರುತ್ತದೆ.

ಮುಗಿಸಿ ಇಆರ್‌ಸಿ, ಅಂದರೆ ವಿದ್ಯುತ್ ನಿಯಮಗಳ ತಪಾಸಣೆ ಓಡಿಸಿದಾಗ ಹೊಸಬರು ಗಾಬರಿಯಾಗುವ ಒಂದು ದೂರು ಬರುತ್ತದೆ: Input Power pin not driven by any Output Power pins. ಸರ್ಕ್ಯೂಟ್ ಸರಿಯಾಗಿಯೇ ಇದ್ದರೂ ಇದು ಬರುತ್ತದೆ. 555ರ ಎಂಟನೇ ಕಾಲು ವಿದ್ಯುತ್ ಪಡೆಯುವ ಕಾಲು ಎಂದು ಕೀಕ್ಯಾಡ್‌ಗೆ ಗೊತ್ತು. ಆದರೆ ವಿದ್ಯುತ್ ಕೊಡುವವರು ಯಾರೂ ಅದಕ್ಕೆ ಕಾಣುತ್ತಿಲ್ಲ, ಏಕೆಂದರೆ ಸ್ಕ್ರೂ ಕನೆಕ್ಟರ್ ಅದರ ದೃಷ್ಟಿಯಲ್ಲಿ ಬರೀ ಲೋಹದ ತುಂಡು. ಅದರ ಹೊರಗೆ ಬ್ಯಾಟರಿ ಇರುತ್ತದೆಂದು ನಾವೇ ಹೇಳಬೇಕು. 9 ವೋಲ್ಟಿನ ತಂತಿಗೊಂದು, ಗ್ರೌಂಡಿನ ತಂತಿಗೊಂದು PWR_FLAG ಚಿಹ್ನೆ ಸಿಕ್ಕಿಸಿದರೆ ದೂರು ನಿಲ್ಲುತ್ತದೆ. ಈ ದೂರನ್ನು ನೋಡದಂತೆ ಮುಚ್ಚಿಹಾಕುವ ಆಯ್ಕೆಯೂ ಉಂಟು, ಅದನ್ನು ಬಳಸಬೇಡಿ. ನಿಜವಾಗಿಯೂ ಒಂದು ತಂತಿ ಬಿಟ್ಟುಹೋದ ದಿನ ಇದೇ ದೂರು ನಿಮ್ಮನ್ನು ಕಾಪಾಡಬೇಕು.

ಇನ್ನು ಚಿಹ್ನೆಗೆ ದೇಹ ಕೊಡಬೇಕು. R1 ಎಂಬ ಚಿಹ್ನೆಗೆ ಉದ್ದಗಲವಿಲ್ಲ. ಅದು ಅಕ್ಕಿಕಾಳಿಗಿಂತ ಚಿಕ್ಕ ಚಿಪ್ ರೆಸಿಸ್ಟರೋ, ಎರಡು ಕಾಲು ಚಾಚಿದ ಹಳೆಯ ಬಣ್ಣದ ಪಟ್ಟಿಯ ರೆಸಿಸ್ಟರೋ ಎಂದು ತಿಳಿಸುವುದು ಫುಟ್‌ಪ್ರಿಂಟ್. ಬೋರ್ಡಿನ ಮೇಲೆ ಆ ಭಾಗಕ್ಕೆ ಎಷ್ಟು ತೂತು, ಎಷ್ಟು ದೂರದಲ್ಲಿ, ಸುತ್ತ ಎಷ್ಟು ತಾಮ್ರ ಬೇಕು ಎಂಬುದೆಲ್ಲ ಅದರಲ್ಲಿದೆ. ಐಸಿಗೆ DIP-8_W7.62mm: ಒಂದೇ ಸಾಲಿನ ಕಾಲುಗಳ ನಡುವೆ 2.54 ಮಿಲಿಮೀಟರ್, ಎರಡು ಸಾಲುಗಳ ನಡುವೆ 7.62. NE555P ಚಿಹ್ನೆಯ ಜೊತೆ ಇದು ಮೊದಲೇ ಬಂದಿರುತ್ತದೆ. ಎಲ್‌ಇಡಿಗೆ LED_D5.0mm, ಇದರ ಚೌಕ ಪ್ಯಾಡ್ ಒಂದನೇ ಕಾಲು, ಅದೇ ಕ್ಯಾಥೋಡ್, ಅಂದರೆ ಎಲ್‌ಇಡಿಯ ಗಿಡ್ಡ ಕಾಲು.

ಎಡವುವ ಜಾಗ ಕೆಪಾಸಿಟರ್. 5 ಮಿಲಿಮೀಟರ್ ವ್ಯಾಸದ ಎಲೆಕ್ಟ್ರೊಲಿಟಿಕ್‌ಗೆ ಕೀಕ್ಯಾಡ್ ಭಂಡಾರದಲ್ಲಿ CP_Radial_D5.0mm_P2.00mm ಇದೆ, CP_Radial_D5.0mm_P2.50mm ಕೂಡ ಇದೆ. ಕಾಲುಗಳ ಅಂತರದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ. ಹೆಸರು ನೋಡಿ ಊಹಿಸುವುದಕ್ಕಿಂತ ಭಾಗವನ್ನು ಮೊದಲು ಕೊಂಡು, ಕ್ಯಾಲಿಪರ್ ಹಿಡಿದು ಅಳೆಯುವುದೇ ವಾಸಿ. ಕ್ಯಾಲಿಪರ್ ಇಲ್ಲದವರು ಮುಂದೆ ಬೋರ್ಡಿನ ನಕ್ಷೆಯನ್ನು ಕಾಗದದ ಮೇಲೆ ಒಂದಕ್ಕೆ ಒಂದು ಅಳತೆಯಲ್ಲಿ ಅಚ್ಚು ಹಾಕಿ, ಕೆಳಗೆ ಥರ್ಮೋಕೋಲ್ ಇಟ್ಟು, ಭಾಗಗಳ ಕಾಲುಗಳನ್ನು ಚುಚ್ಚಿ ನೋಡಬಹುದು. ಹೊಂದದಿರುವುದು ಆಗಲೇ ಗೊತ್ತಾಗುತ್ತದೆ.

ಫುಟ್‌ಪ್ರಿಂಟ್‌ಗಳೆಲ್ಲ ಸೇರಿದ ಮೇಲೆ ಬೋರ್ಡ್ ಸಂಪಾದಕ ತೆರೆದು F8 ಒತ್ತಬೇಕು. ಎಲ್ಲ ಭಾಗಗಳೂ ಒಂದು ಗುಂಪಾಗಿ ಬಂದು ಕರ್ಸರಿಗೆ ಅಂಟಿಕೊಳ್ಳುತ್ತವೆ. ಸೇರಬೇಕಾದ ಕಾಲುಗಳ ನಡುವೆ ಕೂದಲೆಳೆಯಂಥ ತೆಳು ಗೆರೆಗಳು ಕಾಣುತ್ತವೆ. ಇವು ತಾಮ್ರವಲ್ಲ, ಇನ್ನೂ ತೀರಿಸಬೇಕಾದ ಬಾಕಿ.

ಇಲ್ಲಿ ಬಹಳ ಮಂದಿ ಕೂಡಲೇ ಭಾಗಗಳನ್ನು ಜೋಡಿಸಿ, ತಾಮ್ರದ ದಾರಿ ಎಳೆದು, ಎಲ್ಲ ಮುಗಿದ ಮೇಲೆ ಸುತ್ತ ಒಂದು ಚೌಕಟ್ಟು ಹಾಕುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ತೀರಾ ವಿರುದ್ಧ. ಬೋರ್ಡು ಗಾಳಿಯಲ್ಲಿ ನಿಲ್ಲುವುದಿಲ್ಲ, ಯಾವುದೋ ಡಬ್ಬಿಯೊಳಗೆ ಹೋಗಬೇಕು. ಅಲ್ಲಿ ಸ್ಕ್ರೂ ಎಲ್ಲಿ ಬರುತ್ತದೆ, ತಂತಿ ಯಾವ ಕಡೆಯಿಂದ ಒಳಬರುತ್ತದೆ, ದೀಪ ಯಾವ ತೂತಿನಲ್ಲಿ ಇಣುಕುತ್ತದೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಹೊರಗೆರೆ ಮೊದಲು, ಸ್ಕ್ರೂ ತೂತು ಆಮೇಲೆ, ಅಂಚಿನಲ್ಲಿ ಕೂರಲೇಬೇಕಾದ ಕನೆಕ್ಟರ್ ಮತ್ತು ಎಲ್‌ಇಡಿ ಮೂರನೆಯದು, ಉಳಿದದ್ದೆಲ್ಲ ಕೊನೆಗೆ.

ನಮ್ಮ ಬೋರ್ಡ್ 50 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲ ಇರಲಿ. ಬಲಗಡೆಯ ಪದರಗಳ ಪಟ್ಟಿಯಲ್ಲಿ Edge.Cuts ಆಯ್ದುಕೊಂಡು ಆಯತದ ಸಾಧನದಿಂದ ಸುಮಾರಾಗಿ ಒಂದು ಆಯತ ಎಳೆಯಿರಿ. ಮೌಸಿನಿಂದ ಕರಾರುವಾಕ್ಕಾಗಿ ಎಳೆಯಲು ಒದ್ದಾಡಬೇಕಿಲ್ಲ. ಆಯತವನ್ನು ಆರಿಸಿ E ಒತ್ತಿದರೆ ಅದರ ಎರಡು ಮೂಲೆಗಳ ಅಂಕಿಗಳು ಕಾಣುತ್ತವೆ. ಆರಂಭದ ಮೂಲೆಗೆ 100, 100 ಎಂದೂ ಕೊನೆಯ ಮೂಲೆಗೆ 150, 130 ಎಂದೂ ತುಂಬಿದರೆ ಅಳತೆ ನಿಖರ. ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಮಾಡಿದ್ದಕ್ಕೆ ವಿರುದ್ಧವಾಗಿ ಇಲ್ಲಿ ಎರಡನೆಯ ಅಂಕಿ ಕೆಳಮುಖವಾಗಿ ಹೆಚ್ಚುತ್ತದೆ ಎಂಬುದೊಂದನ್ನು ನೆನಪಿಡಬೇಕು.

ಕೀಕ್ಯಾಡ್ ಕಡತಗಳು ಸಾದಾ ಅಕ್ಷರಗಳಲ್ಲಿರುವುದರಿಂದ blink.kicad_pcb ಅನ್ನು ಯಾವ ಪಠ್ಯ ಸಂಪಾದಕದಲ್ಲಾದರೂ ತೆರೆದು ಓದಬಹುದು. ಗುರುತಿನ ಸಂಖ್ಯೆಯಂಥ ವಿವರ ಬಿಟ್ಟರೆ ನಮ್ಮ ಹೊರಗೆರೆ ಅಲ್ಲಿ ಹೆಚ್ಚುಕಡಿಮೆ ಹೀಗಿರುತ್ತದೆ:

```
(gr_rect (start 100 100) (end 150 130)
  (stroke (width 0.05) (type default))
  (layer "Edge.Cuts"))
```

ಮೊದಲು ಹೇಳಿದ ಮಾತು ಇಲ್ಲಿ ಕಣ್ಣಿಗೇ ಕಾಣುತ್ತದೆ. ಕೊನೆಯ ಸಾಲಿನಲ್ಲಿ "Edge.Cuts" ಬದಲು "F.SilkS" ಎಂದಿದ್ದರೆ ಇದೇ ಆಯತ ಬೋರ್ಡಿನ ಮೇಲ್ಮೈಯಲ್ಲಿ ಬಿಳಿ ಶಾಯಿಯ ಅಲಂಕಾರವಾಗುತ್ತಿತ್ತು. "F.Cu" ಎಂದಿದ್ದರೆ ಸುತ್ತಲೂ ತಾಮ್ರದ ಉಂಗುರ. "Edge.Cuts" ಎಂದಿರುವುದರಿಂದ ಕಾರ್ಖಾನೆಯ ಯಂತ್ರ ಈ ಗೆರೆಯನ್ನು ಅನುಸರಿಸಿ ಬೋರ್ಡನ್ನು ಕತ್ತರಿಸುತ್ತದೆ. 0.05 ಎಂಬುದು ಗೆರೆಯ ದಪ್ಪ. ಅದಕ್ಕೂ ಕತ್ತರಿಸುವ ಹಲ್ಲಿನ ದಪ್ಪಕ್ಕೂ ಸಂಬಂಧವಿಲ್ಲ, ಸಾಮಾನ್ಯವಾಗಿ ಗೆರೆಯ ನಡುಮಧ್ಯವನ್ನೇ ಬೋರ್ಡಿನ ಅಂಚು ಎಂದು ಎಣಿಸುತ್ತಾರೆ.

ಸ್ಕ್ರೂಗಳಿಗಾಗಿ MountingHole_3.2mm_M3 ಎಂಬ ಫುಟ್‌ಪ್ರಿಂಟನ್ನು ನಾಲ್ಕು ಬಾರಿ ಇಡಬೇಕು. ಪ್ರತಿ ತೂತಿನ ನಡುಬಿಂದು ಎರಡೂ ಅಂಚುಗಳಿಂದ 4 ಮಿಲಿಮೀಟರ್ ಒಳಗಿದ್ದರೆ ಸ್ಥಾನಗಳು 104, 104, 146, 104, 104, 126, 146, 126 ಆಗುತ್ತವೆ. 3 ಮಿಲಿಮೀಟರ್ ಸ್ಕ್ರೂವಿನ ತಲೆ ಸುಮಾರು 6 ಮಿಲಿಮೀಟರ್ ಅಗಲ ಇರುತ್ತದೆ. ನಡುವಿನಿಂದ 3 ಮಿಲಿಮೀಟರ್ ಹರಡಿದರೂ ಅಂಚಿಗೆ ಇನ್ನೊಂದು ಮಿಲಿಮೀಟರ್ ಉಳಿಯುತ್ತದೆ. ಆ ತಲೆ ಕೂರುವ ವೃತ್ತದೊಳಗೆ ತಾಮ್ರದ ದಾರಿ ಹೋಗಬಾರದು. ಹೋದರೆ ಬಿಗಿದಾಗ ಹಸಿರು ಲೇಪ ಕೆರೆದು, ಲೋಹದ ಸ್ಕ್ರೂ ಆ ತಾಮ್ರವನ್ನು ಮುಟ್ಟೀತು.

ಮೂಲೆಗಳನ್ನು ದುಂಡಗೆ ಮಾಡಬೇಕೆನಿಸಿದಾಗ ಕಷ್ಟ ಶುರುವಾಗುತ್ತದೆ. ಆಯತ ಬಿಟ್ಟು ನಾಲ್ಕು ನೇರ ಗೆರೆ, ನಾಲ್ಕು ಕಮಾನುಗಳನ್ನು ಕೈಯಿಂದಲೇ ಎಳೆಯುವವರಿದ್ದಾರೆ. ಒಂದು ಗೆರೆಯ ತುದಿಗೂ ಕಮಾನಿನ ತುದಿಗೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಂತರ ಉಳಿದರೂ ಪರದೆಯಲ್ಲಿ ಸೇರಿದಂತೆಯೇ ಕಾಣುತ್ತದೆ. ಆದರೆ ಹೊರಗೆರೆ ಮುಚ್ಚಿದ ಆಕಾರವಾಗಿರಲೇಬೇಕು, ಇಲ್ಲದಿದ್ದರೆ ಯಾವುದು ಬೋರ್ಡಿನ ಒಳಗು, ಯಾವುದು ಹೊರಗು ಎಂದು ತೀರ್ಮಾನಿಸಲಾಗದು. ಡಿಆರ್‌ಸಿ, ಅಂದರೆ ವಿನ್ಯಾಸ ನಿಯಮಗಳ ತಪಾಸಣೆ ಓಡಿಸಿದರೆ Board has malformed outline ಎಂಬ ದೂರು ಬರುತ್ತದೆ. ದೂರಿನ ಮೇಲೆ ಕ್ಲಿಕ್ ಮಾಡಿದರೆ ಪರದೆ ತಪ್ಪಿರುವ ಜಾಗಕ್ಕೇ ಹೋಗುತ್ತದೆ. Alt ಮತ್ತು 3 ಒತ್ತಿ ಮೂರು ಆಯಾಮದ ನೋಟ ತೆರೆದರೆ ಅಲ್ಲೂ ದುಂಡನೆಯ ಮೂಲೆಗಳು ಕಾಣದೆ ಸುಳಿವು ಸಿಗುತ್ತದೆ.

ಇದಕ್ಕಿಂತ ಸುಲಭದ ದಾರಿಯಿದೆ. ಚೂಪು ಮೂಲೆಯಲ್ಲಿ ಸೇರುವ ನಾಲ್ಕು ಗೆರೆಗಳನ್ನು ಎಳೆದು, ನಾಲ್ಕನ್ನೂ ಆರಿಸಿ, ಮೌಸಿನ ಬಲಗುಂಡಿ ಒತ್ತಿ Shape Modification ಪಟ್ಟಿಯಲ್ಲಿ Fillet Lines ಆಯ್ದುಕೊಳ್ಳಿ. ತ್ರಿಜ್ಯ 3 ಮಿಲಿಮೀಟರ್ ಎಂದರೆ ಗೆರೆಗಳನ್ನು ಬೇಕಾದಷ್ಟು ಮೊಟಕುಗೊಳಿಸಿ ಕಮಾನುಗಳನ್ನು ಕೀಕ್ಯಾಡೇ ಹೊಂದಿಸಿಕೊಡುತ್ತದೆ. ಅದೇ ದೂರು ಇನ್ನೆರಡು ಕಾರಣಕ್ಕೂ ಬರಬಹುದು: ಒಂದು ಗೆರೆಯ ಮೇಲೆ ಅದರದೇ ನಕಲು ಗೊತ್ತಿಲ್ಲದೆ ಕೂತಿರುವುದು, ಮತ್ತು ಯಾವುದೋ ಬಿಡಿ ತುಣುಕು ಇದೇ ಪದರದಲ್ಲಿ ಬಿದ್ದಿರುವುದು. ಬೋರ್ಡಿನ ಹೆಸರನ್ನೋ ಅಳತೆಯ ಬಾಣಗಳನ್ನೋ Edge.Cuts ಪದರದಲ್ಲಿ ಬರೆಯಲೇಬಾರದು. ಅಲ್ಲಿರುವುದೆಲ್ಲ ಕತ್ತರಿಸಬೇಕಾದದ್ದು ಎಂದೇ ಯಂತ್ರದ ತಿಳಿವಳಿಕೆ. ಹೊರಗೆರೆಯ ಒಳಗೆ ಇನ್ನೊಂದು ಮುಚ್ಚಿದ ಆಕಾರವಿದ್ದರೆ ಅದು ಬೋರ್ಡಿನ ನಡುವಿನ ಕಿಂಡಿಯಾಗುತ್ತದೆ. ಆ ಕಿಂಡಿಯ ಒಳಮೂಲೆಗಳನ್ನು ನೀವು ಎಷ್ಟೇ ಚೂಪಾಗಿ ಬರೆದರೂ ಅವು ದುಂಡಗಾಗಿಯೇ ಬರುತ್ತವೆ, ಏಕೆಂದರೆ ಕೊರೆಯುವ ಹಲ್ಲು ದುಂಡಗಿದೆ.

ಹೊರಗೆರೆ ನಿಂತ ಮೇಲೆ ಜೋಡಣೆ ಸಲೀಸು. ಕನೆಕ್ಟರಿನ ಬಾಯಿ ಎಡ ಅಂಚಿನ ಹೊರಗೆ ಮುಖ ಮಾಡಲಿ, ಎಲ್‌ಇಡಿ ಬಲ ಅಂಚಿನಲ್ಲಿರಲಿ, ಐಸಿ ನಡುವೆ. 555ರ ಒಂದು ಮತ್ತು ಎಂಟನೇ ಕಾಲು ಐಸಿಯ ಒಂದೇ ತುದಿಯಲ್ಲಿ ಎದುರುಬದುರು ಇರುವುದರಿಂದ C3 ಆ ತುದಿಗೇ ಅಂಟಿಕೊಂಡಂತೆ ಕೂರಬೇಕು. ಐಸಿಯ ಔಟ್‌ಪುಟ್ ಹೊರಳುವ ಕ್ಷಣದಲ್ಲಿ ಅದು ಥಟ್ಟನೆ ಎಳೆಯುವ ವಿದ್ಯುತ್ತನ್ನು ಪಕ್ಕದಲ್ಲೇ ನಿಂತು ಕೊಡುವುದು C3ಯ ಕೆಲಸ. ಸ್ಕೀಮ್ಯಾಟಿಕ್‌ನಲ್ಲಿ ಅದನ್ನು ಎಲ್ಲಿ ಬರೆದರೂ ಒಂದೇ, ಬೋರ್ಡಿನಲ್ಲಿ ದೂರ ಇಟ್ಟರೆ ಇಟ್ಟೂ ಪ್ರಯೋಜನವಿಲ್ಲ.

X ಒತ್ತಿ ತಾಮ್ರದ ದಾರಿ ಎಳೆಯುವ ಮುನ್ನ ಅಗಲವನ್ನು 0.5 ಮಿಲಿಮೀಟರ್ ಮಾಡಿಕೊಳ್ಳಿ. ಮೊದಲಿನಿಂದ ಇರುವ 0.2 ಕಾರ್ಖಾನೆಗೆ ಕಷ್ಟವಲ್ಲ. ಆದರೆ ಕೈಯಿಂದ ಬೆಸುಗೆ ಹಾಕಿ, ತಪ್ಪಾದರೆ ಬಿಚ್ಚಿ ಮತ್ತೆ ಹಾಕುವ ಬೋರ್ಡಿಗೆ ಅಗಲದ ದಾರಿ ಬಾಳಿಕೆ ಬರುತ್ತದೆ, ಇಲ್ಲಿ ಜಾಗಕ್ಕೂ ಕೊರತೆಯಿಲ್ಲ. ಒಂದೇ ಒಂದು ತೊಡಕು ಐಸಿಯ ಹೊಟ್ಟೆಯ ಕೆಳಗಿದೆ. ಎರಡನೇ ಕಾಲು ಆರಕ್ಕೆ ಸೇರಬೇಕು, ನಾಲ್ಕನೆಯದು ಎಂಟಕ್ಕೆ. ನೇರವಾಗಿ ಎಳೆದರೆ ಎರಡೂ ದಾರಿಗಳು ಒಂದನ್ನೊಂದು ದಾಟುತ್ತವೆ. ಎರಡರಿಂದ ಆರಕ್ಕೆ ಮೇಲಿನ F.Cu ಪದರದಲ್ಲಿ, ನಾಲ್ಕರಿಂದ ಎಂಟಕ್ಕೆ ಕೆಳಗಿನ B.Cu ಪದರದಲ್ಲಿ ಎಳೆದರೆ ತೀರಿತು. ಐಸಿಯ ಕಾಲು ತೂರುವ ತೂತಿನ ಒಳಗೋಡೆಗೂ ತಾಮ್ರ ಲೇಪಿಸಿರುತ್ತಾರಾದ್ದರಿಂದ ಪ್ರತಿ ಕಾಲೂ ಎರಡೂ ಪದರಗಳಿಗೆ ಸಿಗುತ್ತದೆ, ಬೇರೆ ತೂತು ಬೇಕಿಲ್ಲ.

ಗ್ರೌಂಡಿಗೆ ಒಂದೊಂದೇ ದಾರಿ ಎಳೆಯುವ ಬದಲು ಕೆಳಪದರವಿಡೀ ತಾಮ್ರ ತುಂಬಬಹುದು. ತುಂಬುವ ವಲಯವನ್ನು ಬೋರ್ಡಿಗಿಂತ ದೊಡ್ಡದಾಗಿಯೇ ಎಳೆದು, GND ಎಂದು ಹೆಸರು ಕೊಟ್ಟು B ಒತ್ತಿ. ತಾಮ್ರ ಅಂಚಿನವರೆಗೆ ಹರಿಯದೆ, ಹೊರಗೆರೆಯಿಂದ ಅರ್ಧ ಮಿಲಿಮೀಟರ್ ಒಳಗೆ ನಿಲ್ಲುವುದನ್ನು ಕಾಣುವಿರಿ. ಕತ್ತರಿಸುವ ಹಲ್ಲು ತಾಮ್ರವನ್ನು ಹರಿದು ಚೂರು ಎಬ್ಬಿಸದಿರಲೆಂದು ಈ ಅಂತರ. ಹೊರಗೆರೆ ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕೆಂದು ಆ ತಾಮ್ರಕ್ಕೆ ಹೇಳುವವರೇ ಇರುತ್ತಿರಲಿಲ್ಲ.

ಡಿಆರ್‌ಸಿಯಲ್ಲಿ ದೂರುಗಳೂ, ತೀರದ ಬಾಕಿಗಳೂ ಸೊನ್ನೆಗೆ ಬಂದ ಮೇಲೆ ಕಾರ್ಖಾನೆಗೆ ಕಳಿಸುವ ಗರ್ಬರ್ ಕಡತಗಳನ್ನು ತೆಗೆಯಬೇಕು. ಗರ್ಬರ್‌ನಲ್ಲಿ ಪದರಕ್ಕೊಂದು ಕಡತ: ಮೇಲಿನ ತಾಮ್ರ, ಕೆಳಗಿನ ತಾಮ್ರ, ಎರಡು ಬದಿಯ ಹಸಿರು ಲೇಪ, ಬಿಳಿ ಶಾಯಿ, ಮತ್ತು blink-Edge_Cuts.gm1 ಎಂಬ ಹೊರಗೆರೆ. ತೂತುಗಳ ಕಡತವನ್ನು ಬೇರೆಯೇ ಗುಂಡಿ ಒತ್ತಿ ತೆಗೆಯಬೇಕಾದ್ದರಿಂದ ಆತುರದಲ್ಲಿ ಬಿಟ್ಟುಹೋಗುವುದು ಅದೇ. ಹೊರಗೆರೆಯ ಕಡತ ಬಿಟ್ಟುಹೋದರೆ ಬೋರ್ಡಿನ ಅಳತೆಯೇ ಕಾರ್ಖಾನೆಗೆ ತಿಳಿಯದು.

ಕಳಿಸುವ ಮೊದಲು ಎಲ್ಲ ಕಡತಗಳನ್ನೂ ಕೀಕ್ಯಾಡ್ ಜೊತೆಗೇ ಬರುವ ಗರ್ಬರ್ ವೀಕ್ಷಕದಲ್ಲಿ ಒಟ್ಟಿಗೆ ತೆರೆಯಿರಿ. ಕಾರ್ಖಾನೆಯವರು ನೋಡುವುದು ನಿಮ್ಮ kicad_pcb ಕಡತವನ್ನಲ್ಲ, ಈ ಕಡತಗಳನ್ನು. ಮೊದಲು ಹೊರಗೆರೆಯೊಂದನ್ನೇ ಇಟ್ಟುಕೊಂಡು ಉಳಿದವನ್ನು ಮರೆಮಾಡಿ: ಒಂದೇ ಮುಚ್ಚಿದ ಆಕಾರ ಕಾಣಬೇಕು, ಅಳತೆ 50ಕ್ಕೆ 30 ಇರಬೇಕು, ಒಳಗೆ ಒಂದಕ್ಷರವೂ ಇರಬಾರದು. ಆಮೇಲೆ ತೂತುಗಳ ಕಡತವನ್ನು ಅದರ ಮೇಲೆ ತೋರಿಸಿ, ಸ್ಕ್ರೂವಿನ ನಾಲ್ಕು ತೂತುಗಳು ಮೂಲೆಗಳಲ್ಲೂ ಉಳಿದವು ಪ್ಯಾಡುಗಳ ನಟ್ಟನಡುವೆಯೂ ಬಿದ್ದಿವೆಯೇ ನೋಡಿ. ತೂತುಗಳ ಗುಂಪು ಒಟ್ಟಾಗಿ ಒಂದು ಪಕ್ಕಕ್ಕೆ ಸರಿದು ಕೂತಿದ್ದರೆ ಎರಡು ಕಡತಗಳನ್ನು ಬೇರೆ ಬೇರೆ ಮೂಲಬಿಂದುವಿನಿಂದ ತೆಗೆದಿದ್ದೀರಿ ಎಂದರ್ಥ. ಎರಡಕ್ಕೂ ಒಂದೇ ಮೂಲಬಿಂದು ಆರಿಸಿ ಮತ್ತೊಮ್ಮೆ ತೆಗೆದರೆ ಸರಿಹೋಗುತ್ತದೆ.